ಗಿಲಾವಿಗೆ 7 ಟ್ರಿಪ್ ಉಸುಕು ಬೇಕಂತೆ, ನಿಜವಾ? ಟ್ರಿಪ್ ರೇಟು, ಇಳಿಸುವ ಕೂಲಿ ಬಗ್ಗೆ ತಿಳಿದವರು ಹೇಳಿ (ಕಲಬುರಗಿ)

ಆಳಂದ ರೋಡ್ ಮಾಸ್ತರ

ಎಲ್ಲರಿಗೂ ನಮಸ್ಕಾರ. ಆಳಂದ ರೋಡ್ ಕಡೆ 30×40 ಸೈಟಿನಲ್ಲಿ ಒಂದೇ ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇನೆ. ಸ್ಲ್ಯಾಬ್ ಆಗಿದೆ, ಸೆಂಟ್ರಿಂಗ್ ಬಿಚ್ಚಿದ್ದಾರೆ. ಇನ್ನು ಗಿಲಾವು ಶುರು ಆಗಬೇಕು. ಗೌಂಡಿ ಕೇಳಿದರೆ "ಟ್ರ್ಯಾಕ್ಟರ್ ಉಸುಕು 7 ಟ್ರಿಪ್ ತರಿಸಿರಿ" ಅಂತಾನೆ. ಅಂಗಡಿಯವರು ಟ್ರಿಪ್ಪಿಗೆ 4,800 ಹೇಳಿದ್ದಾರೆ, ಅದರ ಮೇಲೆ ಇಳಿಸಲಿಕ್ಕೆ 500 ಬೇರೆ. ಹಾಗಾದರೆ 7 ಟ್ರಿಪ್ಪಿಗೆ 37,100 ಆಯಿತು.

ಇನ್ನೊಬ್ಬರು ಟಿಪ್ಪರ್ ತರುತ್ತೇನೆ, 3 ಬ್ರಾಸ್, 16,500 ಅಂದರು. ಆದರೆ ನಮ್ಮ ಗಲ್ಲಿ 10 ಅಡಿ ಅಗಲ, ಟಿಪ್ಪರ್ ಒಳಗೆ ಬರಲ್ಲ. ಮೇನ್ ರೋಡಲ್ಲೇ ಸುರಿದು ಹೋಗುತ್ತಾರೆ. ಅಲ್ಲಿಂದ ಮನೆಗೆ ಸಾಗಿಸಲು ಬ್ರಾಸಿಗೆ 1,200 ಕೇಳುತ್ತಿದ್ದಾರೆ.

ಸಾಲ ಮಾಡಿ ಕಟ್ಟಿಸುವ ಮನೆ. ಯಾವುದು ತರಿಸಲಿ, ಎಷ್ಟು ತರಿಸಲಿ, ದಯವಿಟ್ಟು ಹೇಳಿ.

ಸುರಪುರ ರೈತ

7 ಟ್ರಿಪ್ ಜಾಸ್ತಿ ಏನಲ್ಲ ಸರ್. ನಮ್ಮ ತಮ್ಮನ ಮನೆಗೆ 12 ಟ್ರಿಪ್ ಹಿಡಿಯಿತು. ನಿಮ್ಮ ಗೌಂಡಿ ಕಮ್ಮಿಯೇ ಹೇಳಿದ್ದಾನೆ.

ಸಿವಿಲ್ ಕಾಕಾ

ರೈತಣ್ಣ, ನಿಮ್ಮ 12 ಟ್ರಿಪ್ಪಿನಲ್ಲಿ ಗೋಡೆ ಕಟ್ಟಿದ್ದು, ಸ್ಲ್ಯಾಬ್ ಹಾಕಿದ್ದು ಎಲ್ಲ ಸೇರಿತ್ತಾ? ಮಾಸ್ತರರು ಬರೀ ಗಿಲಾವಿನ ಲೆಕ್ಕ ಕೇಳುತ್ತಿದ್ದಾರೆ.

ಮಾಸ್ತರರೇ, ನಾನು 30 ವರ್ಷ ಸೈಟ್ ಮೇಲೆ ಸೂಪರ್ವೈಸರ್ ಆಗಿದ್ದವನು. ಮೊದಲು ಮೂರು ಮಾತು ಹೇಳಿರಿ. ಗೋಡೆ ಇಟ್ಟಿಗೆಯದಾ, ಸಿಮೆಂಟ್ ಬ್ಲಾಕಿನದಾ? ಹೊರಗಿನ ಅಳತೆ ಎಷ್ಟು? ಒಳಗೆ ಒಂದೊಂದು ಕೋಣೆಯ ಉದ್ದ ಅಗಲ ಎಷ್ಟು? ಅದು ಗೊತ್ತಾಗದೆ ಎಷ್ಟು ಟ್ರಿಪ್ ಅಂತ ಹೇಳುವುದು ಬರೀ ಅಂದಾಜು.

ಇನ್ನೊಂದು. ಟ್ರಿಪ್ ಅನ್ನುವುದು ಅಳತೆ ಅಲ್ಲ. ಒಬ್ಬರ ಟ್ರಾಲಿಯಲ್ಲಿ 65 ಘನ ಅಡಿ ಹಿಡಿಯುತ್ತದೆ, ಇನ್ನೊಬ್ಬರದರಲ್ಲಿ 95. ರೇಟು ಮಾತ್ರ ಇಬ್ಬರೂ ಟ್ರಿಪ್ಪಿಗೇ ಹೇಳುತ್ತಾರೆ. ಟ್ರಾಲಿ ಒಳಗಿನ ಅಳತೆ ಹಿಡಿದಿದ್ದೀರಾ?

ಸುರಪುರ ರೈತ

ಹೌದು ಕಾಕಾರೇ, ಪಾಯದಿಂದ ಹಿಡಿದು ಪೂರಾ ಮನೆಯದು. ನಾನು ಸರಿಯಾಗಿ ಓದಲಿಲ್ಲ.

ಆಳಂದ ರೋಡ್ ಮಾಸ್ತರ

ಕಾಕಾ, ಗೋಡೆ ಸಿಮೆಂಟ್ ಬ್ಲಾಕಿನದು. ಹೊರಗೆ 24×33 ಅಡಿ. ಒಳಗೆ ಹಾಲ್ 12×16, ಒಂದು ಬೆಡ್‌ರೂಮ್ 11×12, ಇನ್ನೊಂದು 10×11, ಅಡುಗೆ ಮನೆ 8×10, ಎರಡು ಬಚ್ಚಲು 4×7, ನಡುವೆ ಒಂದು ಚಿಕ್ಕ ಪ್ಯಾಸೇಜ್ 4×8. ಎತ್ತರ 10 ಅಡಿ. ಟ್ರಾಲಿ ಅಳತೆ ಹಿಡಿದಿಲ್ಲ, ಹಿಡಿಯಬೇಕು ಅಂತ ಗೊತ್ತೇ ಇರಲಿಲ್ಲ.

ಸಿವಿಲ್ ಕಾಕಾ

ಸರಿ, ಕೂತು ಲೆಕ್ಕ ಹಾಕಿದೆ. ನಿಮಗೂ ತಿಳಿಯುವ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ಹೇಳಿರಿ.

ಎಲ್ಲ ಕೋಣೆಗಳ ಸುತ್ತಳತೆ ಕೂಡಿಸಿದರೆ 248 ಅಡಿ. ಎತ್ತರ 10 ಅಡಿ, ಅಲ್ಲಿಗೆ 2,480 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ 2,200 ಹತ್ತಿರ ಉಳಿಯುತ್ತದೆ. ಒಳಗಿನ ಗಿಲಾವು ಪುಸ್ತಕದಲ್ಲಿ 12 ಮಿಮೀ. ಗೋಡೆ ಮೇಲೆ ಅದು 15 ಆಗಿಯೇ ಆಗುತ್ತದೆ, ಯಾಕಂದರೆ ಯಾವ ಗೋಡೆಯೂ ದಾರ ಹಿಡಿದಂತೆ ನೆಟ್ಟಗೆ ಇರಲ್ಲ. 15 ಮಿಮೀ ಅಂದರೆ ಅಡಿಯ ಇಪ್ಪತ್ತನೇ ಒಂದು ಪಾಲು. 2,200 ಅನ್ನು 20ರಿಂದ ಭಾಗಿಸಿರಿ, 110 ಘನ ಅಡಿ ಹಸಿ ಮಾಲು ಬೇಕು.

ಹೊರಗೆ 114 ಅಡಿ ಸುತ್ತು, 11 ಅಡಿ ಎತ್ತರ. ಬಾಗಿಲು ಕಿಟಕಿ ಬಿಟ್ಟು 1,130 ಚದರ ಅಡಿ. ಹೊರಗೆ ಎರಡು ಕೋಟ್ ಸೇರಿ 20 ಮಿಮೀ, ಅಂದರೆ ಅಡಿಯ ಹದಿನೈದನೇ ಒಂದು ಪಾಲು. ಅದು 75 ಘನ ಅಡಿ. ಛತ್ತು 600 ಚದರ ಅಡಿ, ಅಲ್ಲಿ ತೆಳುವಾಗಿ ಹಚ್ಚುತ್ತಾರೆ, 16 ಸಾಕು. ಎಲ್ಲ ಸೇರಿ ಹಸಿ ಮಾಲು 201.

ಈಗ ಬಹಳ ಜನ ಎಡವುವ ಜಾಗ ಬಂತು. ಒಣ ಉಸುಕು, ಒಣ ಸಿಮೆಂಟ್ ಕಲಸಿ ನೀರು ಹಾಕಿದರೆ ಗಾತ್ರ ಇಳಿಯುತ್ತದೆ. ಹಾಗಾಗಿ 201 ಹಸಿ ಮಾಲಿಗೆ ಒಣ ಮಾಲು 1.3 ಪಟ್ಟು ಬೇಕು, ಅಂದರೆ 261. ಒಳಗೆ ಒಂದಕ್ಕೆ ಆರು, ಹೊರಗೆ ಮತ್ತು ಛತ್ತಿಗೆ ಒಂದಕ್ಕೆ ನಾಲ್ಕು ಕಲಸಿದರೆ, ಸಿಮೆಂಟಿನ ಪಾಲು ತೆಗೆದು ಬರೀ ಉಸುಕು 217 ಘನ ಅಡಿ.

ಇದು ಪೇಪರ್ ಮೇಲಿನ ಲೆಕ್ಕ. ಸಾಣಿಸುವಾಗ ಗರಸು, ಕಪ್ಪೆಚಿಪ್ಪು ತೆಗೆದು ಹಾಕುತ್ತಾರೆ. ಹಚ್ಚುವಾಗ ಕೆಳಗೆ ಬೀಳುತ್ತದೆ. ಬ್ಲಾಕ್ ಸಂದಿಗೆ ಒಂದಿಷ್ಟು ಹೋಗುತ್ತದೆ. ನೆಲದ ಮೇಲೆ ಸುರಿದರೆ ತಳದ ಎರಡು ಇಂಚು ಮಣ್ಣು ಪಾಲು. ಇದಕ್ಕೆಲ್ಲ ನೂರಕ್ಕೆ 30 ಸೇರಿಸಿರಿ. 280 ಘನ ಅಡಿ ಆಯಿತು. ನಮ್ಮ ಕಡೆ 100 ಘನ ಅಡಿಗೆ ಒಂದು ಬ್ರಾಸ್ ಅನ್ನುತ್ತಾರಲ್ಲ, ಅಲ್ಲಿಗೆ 3 ಬ್ರಾಸಿಗೂ ಸ್ವಲ್ಪ ಕಮ್ಮಿ.

ಆಳಂದ ರೋಡ್ ಮಾಸ್ತರ

ಕಾಕಾ, ಬಹಳ ಉಪಕಾರ. ಗೌಂಡಿಗೆ ಇದನ್ನು ಓದಿ ಹೇಳಿದೆ. ಅವನು ಸಿಟ್ಟಾಗಲಿಲ್ಲ, ಪೂರ್ತಿ ಕೇಳಿದ. ಆಮೇಲೆ "ನಿಮ್ಮ ಕಾಕಾ ಮಾಳಿಗೆ ಮೇಲಿನ ಪ್ಯಾರಾಪೆಟ್ ಬಿಟ್ಟಿದ್ದಾರೆ, ಅದಕ್ಕೆ ಒಳಗೂ ಹೊರಗೂ ಗಿಲಾವು ಬೇಕು" ಅಂದ. ಪ್ಯಾರಾಪೆಟ್ 3 ಅಡಿ ಎತ್ತರ ಇದೆ.

ಸಿವಿಲ್ ಕಾಕಾ

ಗೌಂಡಿ ಹೇಳಿದ್ದು ಸರಿ. ನಾನೇ ಮರೆತೆ. 114 ಅಡಿ ಸುತ್ತು, 3 ಅಡಿ ಎತ್ತರ, ಎರಡು ಮಗ್ಗಲು. 680 ಚದರ ಅಡಿ ಹೆಚ್ಚಾಯಿತು. ಅದಕ್ಕೆ ಇನ್ನೂ 60 ಘನ ಅಡಿ ಉಸುಕು. ಒಟ್ಟು 340 ಹಿಡಿಯಿರಿ. ಮೂರೂವರೆ ಬ್ರಾಸ್.

ಗೌಂಡಿಗೆ ಕೈ ಅಂದಾಜು ಇದೆ. ಆದರೆ ಅವನು 7 ಅಂದಿದ್ದು ಯಾವ ಟ್ರಾಲಿ ನೋಡಿ ಅಂತ ಕೇಳಿರಿ. 50 ಘನ ಅಡಿ ತರುವ ಟ್ರಾಲಿ ಆದರೆ 7 ಸರಿಯೇ.

ಬೀದರ್ ಅಕ್ಕ

ನಾನು ನಿಮ್ಮ ಲೆಕ್ಕ ನಂಬಲಾರೆ ಕಾಕಾರೇ, ಕ್ಷಮಿಸಿ. ನಮ್ಮ ಅತ್ತೆಯವರ ಹಳೆ ಮನೆಗೆ ಹೋದ ವರ್ಷ ಗಿಲಾವು ಮಾಡಿಸಿದೆವು. ಎಂಜಿನಿಯರ್ 4 ಬ್ರಾಸ್ ಅಂತ ಬರೆದುಕೊಟ್ಟರು. 7 ಬ್ರಾಸ್ ಹೋಯಿತು. ಮೂರು ಸಲ ಕೆಲಸ ನಿಂತಿತು. ಉಸುಕು ಇಲ್ಲದೆ ಗೌಂಡಿಗಳು ಕೂತರೂ ಅವರ ಪಗಾರ ಕೊಡಲೇಬೇಕಲ್ಲ. ಮಾಸ್ತರರು 7 ಟ್ರಿಪ್ ತರಿಸಿ ಇಟ್ಟುಕೊಳ್ಳುವುದೇ ಒಳ್ಳೆಯದು. ಉಳಿದರೆ ಅಂಗಳಕ್ಕೆ ಆಗುತ್ತದೆ.

ಸಿವಿಲ್ ಕಾಕಾ

ಅಕ್ಕಾರೇ, ಗೋಡೆ ಬೀದರಿನ ಕೆಂಪು ಕಲ್ಲಿನದಾ?

ಬೀದರ್ ಅಕ್ಕ

ಹೌದು. ಅಜ್ಜನ ಕಾಲದ್ದು. ಒಂದೂವರೆ ಅಡಿ ದಪ್ಪದ ಗೋಡೆ.

ಸಿವಿಲ್ ಕಾಕಾ

ಅದಕ್ಕೇ. ಕೆಂಪು ಕಲ್ಲಿನ ಮೈ ತುಂಬ ತೂತು. ಹಳೆ ಸುಣ್ಣದ ಗಿಲಾವು ಕೆರೆದು ತೆಗೆದಾಗ ಸಂದಿಯೂ ಎರಡೆರಡು ಇಂಚು ಒಳಗೆ ಹೋಗಿರುತ್ತದೆ. ಮೊದಲು ಆ ಹಳ್ಳ ತುಂಬಬೇಕು, ಆಮೇಲೆ ಗಿಲಾವು. ಅಂಥ ಗೋಡೆಗೆ ಸರಾಸರಿ ಒಂದೂವರೆ ಇಂಚು ಕೂರುತ್ತದೆ. ನಿಮ್ಮ ಎಂಜಿನಿಯರ್ ಹೊಸ ಗೋಡೆಯ ಲೆಕ್ಕ ಹಾಕಿರಬೇಕು. ಶಹಾಬಾದ್ ಕಲ್ಲಿನ ಹಳೆ ಮನೆಗಳಿಗೂ ಹೀಗೇ ಆಗುತ್ತದೆ.

ಮಾಸ್ತರರ ಮನೆ ಹೊಸದು, ಬ್ಲಾಕಿನ ಗೋಡೆ. ಅಷ್ಟು ನುಂಗಲ್ಲ. ಆದರೂ ಒಂದು ಕೆಲಸ ಮಾಡಿರಿ ಮಾಸ್ತರರೇ. ಉಸುಕು ತರಿಸುವ ಮೊದಲು ಗೌಂಡಿ ಕೈಲಿ ತೂಕದ ಗುಂಡು ಇಳಿಬಿಟ್ಟು ನಾಲ್ಕೂ ಹೊರಗೋಡೆ ನೋಡಿಸಿರಿ. ಎಲ್ಲಿ ಗೋಡೆ ಹೊರಗೆ ವಾಲಿದೆ, ಎಲ್ಲಿ ಒಳಗೆ ಹೋಗಿದೆ, ಅಲ್ಲೆಲ್ಲ ಗಿಲಾವು ದಪ್ಪ ಆಗುತ್ತದೆ. ಲೆಕ್ಕ ತಪ್ಪುವುದು ಅಲ್ಲೇ.

ಯಾದಗಿರಿ ಟ್ರ್ಯಾಕ್ಟರ್

ನಾನು ಉಸುಕು ಹೊಡೆಯುವವನು. ನಮ್ಮ ಮಾತೂ ಕೇಳಿ. ಎಲ್ಲರೂ ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರೆ. ರಾಯಲ್ಟಿ ಕಟ್ಟಬೇಕು, ಪರ್ಮಿಟ್ ತೆಗೆಯಬೇಕು, ಡೀಸೆಲ್ ಹಾಕಬೇಕು, ದಂಡೆ ಮೇಲೆ ತುಂಬುವವರಿಗೆ ಕೊಡಬೇಕು. ಮಳೆಗಾಲದಲ್ಲಿ ಭೀಮಾ ತುಂಬಿ ಹರಿದರೆ ತಿಂಗಳುಗಟ್ಟಲೆ ಟ್ರ್ಯಾಕ್ಟರ್ ಮನೆ ಮುಂದೆ ನಿಲ್ಲುತ್ತದೆ. ಆವಾಗ ದಾಸ್ತಾನು ಇಟ್ಟವರು ಹೇಳಿದ್ದೇ ರೇಟು.

ಇಳಿಸುವ ಕೂಲಿ ಬಗ್ಗೆ ಹೇಳುತ್ತೇನೆ. ಟ್ರಾಲಿ ಹೈಡ್ರಾಲಿಕ್ ಇದ್ದರೆ ಲಿವರ್ ಎಳೆದರೆ ಸುರಿಯುತ್ತದೆ, ಕೂಲಿ ಯಾಕೆ ಅಂತ ನೀವು ಕೇಳುತ್ತೀರಿ. ಆದರೆ 10 ಅಡಿ ಗಲ್ಲಿಯಲ್ಲಿ ಟ್ರಾಲಿ ರಿವರ್ಸ್ ಹೊಡೆಯುವುದು ಸುಲಭ ಅಲ್ಲ. ಗೋಡೆಗೆ ತಾಗಿದರೆ ಜಗಳ. ಒಬ್ಬ ಹಿಂದೆ ನಿಂತು ನೋಡಬೇಕು. ಮೇಲೆ ಲೈಟಿನ ವೈರ್ ಇದ್ದರೆ ಟ್ರಾಲಿ ಪೂರ್ತಿ ಎತ್ತಲು ಬರಲ್ಲ, ಆಗ ಅರ್ಧ ಉಸುಕು ಸಲಿಕೆಯಿಂದಲೇ ಎಳೆಯಬೇಕು. 500 ಅದಕ್ಕೆ.

ಇನ್ನು ಅಳತೆ. ಹೊಳೆಯಿಂದ ಸೀದಾ ಬಂದ ಹಸಿ ಉಸುಕು ತೂಕ ಜಾಸ್ತಿ ಇರುತ್ತದೆ. ಹಸಿ ಉಸುಕು ತಗೊಂಡವರಿಗೆ ಲಾಭವೇ ಹೊರತು ಲುಕ್ಸಾನ್ ಇಲ್ಲ.

ಸಿವಿಲ್ ಕಾಕಾ

ತಮ್ಮಾ, ವೈರ್ ವಿಷಯ ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಮಾಸ್ತರರು ಗಲ್ಲಿಯಲ್ಲಿ ನಿಂತು ಒಮ್ಮೆ ಮೇಲೆ ನೋಡಿ ಬರಲಿ. ವೈರ್ ಜೋಲು ಬಿದ್ದಿದ್ದರೆ ಅದು ದುಡ್ಡಿನ ಮಾತಲ್ಲ, ಜೀವದ ಮಾತು.

ಹಸಿ ಉಸುಕಿನ ವಿಷಯ ಮಾತ್ರ ಅರ್ಧ ಸರಿ. ತೂಕ ಜಾಸ್ತಿ ಹೌದು, ಆದರೆ ಅದು ನೀರಿನ ತೂಕ. ಕಾಟಾ ಮಾಡಿಸಿ ಟನ್ ಲೆಕ್ಕದಲ್ಲಿ ತಗೊಂಡರೆ ನೀರಿಗೂ ದುಡ್ಡು ಕೊಟ್ಟಂತೆ. ಘನ ಅಡಿ ಲೆಕ್ಕದಲ್ಲಿ ತಗೊಂಡರೆ ಇನ್ನೊಂದು ಪೆಟ್ಟು. ಸ್ವಲ್ಪ ತೇವ ಇರುವ ಉಸುಕು ಉಬ್ಬುತ್ತದೆ. ಕಾಳಿನ ಸುತ್ತ ನೀರಿನ ಪೊರೆ ಕೂತು ಒಂದಕ್ಕೊಂದು ದೂರ ಸರಿಯುತ್ತವೆ. 100 ಘನ ಅಡಿ ಕಂಡರೂ ಒಳಗೆ 80 ಉಸುಕೇ ಇರಬಹುದು.

ಮನೆಯಲ್ಲೇ ನೋಡಬಹುದು. ಒಂದು ಬಕೆಟ್ಟಿನಲ್ಲಿ ಆ ಉಸುಕು ಸಡಿಲವಾಗಿ 10 ಇಂಚು ತುಂಬಿ. ಉಸುಕು ಮುಳುಗುವ ತನಕ ನೀರು ಹಾಕಿ ಕೋಲಿನಿಂದ ಕಲಕಿ ಬಿಡಿ. ಉಸುಕು ಇಳಿದು 8 ಇಂಚಿಗೆ ಬಂದು ನಿಂತರೆ ಕಾಲುಭಾಗ ಉಬ್ಬಿತ್ತು ಅಂತ ಅರ್ಥ. ಪೂರ್ತಿ ಒಣಗಿದ್ದರೂ ಪೂರ್ತಿ ಮುಳುಗಿದ್ದರೂ ಗಾತ್ರ ಹೆಚ್ಚು ಕಮ್ಮಿ ಒಂದೇ. ನಡುವಿನ ತೇವವೇ ಮೋಸ.

ಇದರಿಂದ ಸಿಮೆಂಟೂ ಜಾಸ್ತಿ ಹೋಗುತ್ತದೆ. ಗೌಂಡಿ ಪುಟ್ಟಿ ಲೆಕ್ಕದಲ್ಲಿ ಒಂದಕ್ಕೆ ಆರು ಹಾಕುತ್ತಾನೆ. ಉಸುಕು ಉಬ್ಬಿದ್ದರೆ ಆ ಆರು ಪುಟ್ಟಿಯಲ್ಲಿ ಐದೇ ಪುಟ್ಟಿ ಉಸುಕು ಇರುತ್ತದೆ.

ಯಾದಗಿರಿ ಟ್ರ್ಯಾಕ್ಟರ್

ಉಬ್ಬುವುದು ಗೊತ್ತಿರಲಿಲ್ಲ ಕಾಕಾ. ತುಂಬಿದ ಟ್ರಾಲಿ ದಾರಿಯಲ್ಲಿ ಕುಲುಕಿ ಇಳಿಯುತ್ತದೆ ಅಂತ ಅಷ್ಟೇ ಗೊತ್ತಿತ್ತು. ಅದಕ್ಕೆ ಗಿರಾಕಿ ಮುಂದೆ ನಿಂತಾಗ ಕಮ್ಮಿ ಕಾಣುತ್ತದೆ. ಆದರೆ ಒಣಗಿಸಿ ತಂದುಕೊಡಿ ಅಂದರೆ ನಮ್ಮ ಕೈಲಿ ಆಗಲ್ಲ. ದಂಡೆ ಮೇಲೆ ನಿಲ್ಲಿಸಲು ಬಿಡಲ್ಲ, ಪರ್ಮಿಟ್ಟಿನ ಟೈಮ್ ಮುಗಿಯುತ್ತದೆ.

ಸೇಡಂ ರೋಡ್ ಹುಡುಗ

ಹೊಳೆ ಉಸುಕಿನ ಸಹವಾಸವೇ ಬೇಡ. ಎಂ-ಸ್ಯಾಂಡ್ ತಗೊಳ್ಳಿ. ನನ್ನ ಗೆಳೆಯ ಘನ ಅಡಿಗೆ 45ರಂತೆ ತರಿಸಿದ. ಕಾಟಾ ಚೀಟಿ ಕೊಡುತ್ತಾರೆ, ಸಾಣಿಸುವ ಕೆಲಸ ಇಲ್ಲ.

ಸಿವಿಲ್ ಕಾಕಾ

ಎಂ-ಸ್ಯಾಂಡ್ ಕಾಂಕ್ರೀಟಿಗೆ ಒಳ್ಳೆಯದು. ಗಿಲಾವಿಗೆ ಅದರ ಕಾಳು ದಪ್ಪ, ಮೂಲೆ ಮೂಲೆ ಇರುತ್ತದೆ. ಗೌಂಡಿ ಕೈ ನೋಯುತ್ತದೆ, ಮೈ ನುಣ್ಣಗೆ ಬರಲ್ಲ. ಗಿಲಾವಿಗೆ ಅಂತಲೇ ಪಿ-ಸ್ಯಾಂಡ್ ಬೇರೆ ಬರುತ್ತದೆ, ಅದನ್ನು ಕೇಳಬೇಕು. ಅದೂ ತೊಳೆದದ್ದೇ ಆಗಬೇಕು. ತೊಳೆಯದ್ದು ತಂದರೆ ಕ್ರಷರಿನ ಬೂದಿಯಂಥ ಪುಡಿ ಜಾಸ್ತಿ ಇರುತ್ತದೆ. ನಮ್ಮ ಬಿಸಿಲಿಗೆ ಹದಿನೈದು ದಿನದಲ್ಲಿ ಗೋಡೆ ತುಂಬ ಕೂದಲೆಳೆ ಬಿರುಕು. ತೊಳೆದ ಪಿ-ಸ್ಯಾಂಡ್ ಸಿಕ್ಕರೆ ನಾನು ಬೇಡ ಅನ್ನಲ್ಲ.

ಸೇಡಂ ರೋಡ್ ಹುಡುಗ

ಗೆಳೆಯನಿಗೆ ಫೋನ್ ಮಾಡಿ ಕೇಳಿದೆ. ಅವನು ತರಿಸಿದ್ದು ಪಿ-ಸ್ಯಾಂಡೇ ಅಂತೆ. ನಾನು ಎಲ್ಲದಕ್ಕೂ ಎಂ-ಸ್ಯಾಂಡ್ ಅಂದುಕೊಂಡಿದ್ದೆ. ಆದರೆ 45 ರೇಟು ಕ್ರಷರ್ ಹತ್ತಿರದ್ದು, ಬಾಡಿಗೆ ಬೇರೆ.

ಆಳಂದ ರೋಡ್ ಮಾಸ್ತರ

ಇವತ್ತು ಬೆಳಿಗ್ಗೆ ಮೊದಲ ಟ್ರಾಲಿ ಬಂತು. ಸುರಿಯುವ ಮೊದಲು ನಿಲ್ಲಿಸಿದೆ. ಡ್ರೈವರ್ ಮುಖ ಗಂಟು ಹಾಕಿಕೊಂಡ. ಆದರೂ ಟೇಪ್ ಹಿಡಿದು ಹತ್ತಿದೆ.

ಒಳಗೆ ಉದ್ದ 10 ಅಡಿ, ಅಗಲ 5 ಅಡಿ 9 ಇಂಚು, ಹಲಗೆ ಎತ್ತರ ಒಂದೂವರೆ ಅಡಿ. ಕೆಳಗೆ ನಿಂತು ನೋಡಿದರೆ ಟ್ರಾಲಿ ತುಂಬಿ ತುಳುಕುವ ಹಾಗೆ ಕಾಣುತ್ತಿತ್ತು. ನಡುವೆ ಗುಡ್ಡೆ. ಮೇಲೆ ಹತ್ತಿದಾಗ ಗೊತ್ತಾಯಿತು, ನಾಲ್ಕೂ ಮೂಲೆ ತಗ್ಗು, ಮುಂದಿನ ಮಗ್ಗಲು ಕೈ ಮುಳುಗುವಷ್ಟು ಖಾಲಿ. ಸಲಿಕೆ ತಗೊಂಡು ಸಮ ಮಾಡಿ, ಐದು ಕಡೆ ಕಬ್ಬಿಣದ ಸಳಿ ತಳ ಮುಟ್ಟುವ ತನಕ ಚುಚ್ಚಿ ನೋಡಿದೆ. ಒಂದು ಕಡೆ 13 ಇಂಚು, ಒಂದು ಕಡೆ 17. ಸರಾಸರಿ 15 ಬಂತು. ಅಂದರೆ 72 ಘನ ಅಡಿ. ಒಂದು ಬ್ರಾಸ್ ಅಂತ ಹೇಳಿ ಕಳಿಸಿದ್ದರು.

ಲೆಕ್ಕ ಹಾಕಿದೆ. 4,800 ಮತ್ತು ಇಳಿಸಲು 500, ಒಟ್ಟು 5,300. 72ರಿಂದ ಭಾಗಿಸಿದರೆ ಘನ ಅಡಿಗೆ ಸುಮಾರು 74 ರೂಪಾಯಿ.

ಟಿಪ್ಪರಿನದೂ ಹೋಗಿ ಅಳತೆ ಹಿಡಿದೆ. ಹದಿಮೂರೂವರೆ ಅಡಿ, ಏಳೂವರೆ ಅಡಿ, ಎತ್ತರ 2 ಅಡಿ 9 ಇಂಚು. 278 ಬರುತ್ತದೆ, 300 ಅಲ್ಲ. 16,500ಕ್ಕೆ ಘನ ಅಡಿಗೆ 59. ಅಗ್ಗ ಅನ್ನಿಸಿತು. ಆದರೆ ಮೇನ್ ರೋಡಿಂದ ಸಾಗಿಸಲು 3,600 ಸೇರಿಸಿದರೆ 72 ಆಯಿತು. ರೋಡಲ್ಲಿ ಚೆಲ್ಲಿ ಹೋಗುವುದು ಬೇರೆ.

ಎರಡೂ ಒಂದೇ ಕಡೆಗೆ ಬಂದು ನಿಂತಿತು. ಏನು ಮಾಡಲಿ?

ಸಿವಿಲ್ ಕಾಕಾ

ನೀವು ಅರ್ಧ ಗೆದ್ದಿರಿ. ಈಗ ನಿಮ್ಮ ಕೈಯಲ್ಲಿ ಅಳತೆ ಇದೆ. ಟ್ರಾಲಿಯವರ ಹತ್ತಿರವೇ ಮಾತಾಡಿರಿ. ಅವರ ಟ್ರಾಲಿ ಹಲಗೆ ಮಟ್ಟಕ್ಕೆ ತುಂಬಿದರೆ 86 ಘನ ಅಡಿ ಹಿಡಿಯುತ್ತದೆ. "ಹಲಗೆ ಮಟ್ಟ ಸಮ ಮಾಡಿ ತರಬೇಕು, ಮನೆ ಮುಂದೆ ಇಳಿಸಿದ್ದೂ ಸೇರಿ ಇಷ್ಟು" ಅಂತ ಒಂದೇ ರೇಟು ಕೇಳಿರಿ. ಇಳಿಸುವ ಕೂಲಿ ಬೇರೆ ಇಟ್ಟರೆ ಪ್ರತಿ ಸಲ ಗಲ್ಲಿಯಲ್ಲಿ ನಿಂತು ವಾದ. ಫೋನಲ್ಲೇ ಮುಗಿಸಬೇಕು.

ಇನ್ನೊಂದು, ಪರ್ಮಿಟ್ ತೋರಿಸಲು ಹೇಳಿರಿ. ಅದರಲ್ಲಿ ಟನ್ ಬರೆದಿರುತ್ತದೆ. ಒಣ ಉಸುಕು ಒಂದು ಬ್ರಾಸಿಗೆ ಸುಮಾರು ನಾಲ್ಕೂವರೆ ಟನ್. ಪರ್ಮಿಟ್ಟಿನಲ್ಲಿ 3 ಟನ್ ಇದ್ದು ಬಾಯಲ್ಲಿ ಒಂದು ಬ್ರಾಸ್ ಅಂದರೆ ಎರಡರಲ್ಲಿ ಒಂದು ಸುಳ್ಳು.

ಎಲ್ಲ ಒಮ್ಮೆಗೇ ತರಿಸಬೇಡಿ. ಮೊದಲು ಒಳಗಿನ ಗಿಲಾವಿಗೆ ಎರಡು ಟ್ರಿಪ್. ಅದು ಎಷ್ಟು ಗೋಡೆಗೆ ಬಂತು ನೋಡಿ ಮುಂದಿನದು.

ಉಸುಕು ಹೆಂಗಿದೆ? ಕೈಯಲ್ಲಿ ತಿಕ್ಕಿ ನೋಡಿದಿರಾ?

ಆಳಂದ ರೋಡ್ ಮಾಸ್ತರ

ತಿಕ್ಕಿದೆ ಕಾಕಾ. ಅಂಗೈ ಕಪ್ಪಾಯಿತು, ಒರೆಸಿದರೂ ಹೋಗಲಿಲ್ಲ. ಮಗಳ ನೀರಿನ ಬಾಟ್ಲಿಯಲ್ಲಿ ಅರ್ಧ ಉಸುಕು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಕಿಟಕಿ ಮೇಲೆ ಇಟ್ಟೆ. ಮೂರು ತಾಸಿನ ಮೇಲೆ ನೋಡಿದರೆ ಉಸುಕಿನ ಮೇಲೆ ಕರಿ ಎರೆಮಣ್ಣಿನ ಪಟ್ಟಿ ಕೂತಿದೆ, ಒಂದು ಬೆರಳು ದಪ್ಪ. ಉಸುಕು ಐದು ಬೆರಳು ಎತ್ತರ ಇದೆ.

ಸಿವಿಲ್ ಕಾಕಾ

ಐದು ಬೆರಳಿಗೆ ಒಂದು ಬೆರಳು ಅಂದರೆ ನೂರಕ್ಕೆ 20. ಸೈಟಿನಲ್ಲಿ ನಾವು ನೂರಕ್ಕೆ 8 ದಾಟಿದರೆ ಲೋಡ್ ವಾಪಸ್ ಕಳಿಸುತ್ತಿದ್ದೆವು. ಇದು ಹೊಳೆ ನಡುವಿನ ಉಸುಕಲ್ಲ. ದಂಡೆಯದ್ದು, ಇಲ್ಲ ಹಳ್ಳದ್ದು. ಗಿಲಾವಿಗೆ ಹಾಕಿದರೆ ಬಿರುಕು ಬಿಡುತ್ತದೆ, ಆಮೇಲೆ ಬೆರಳಿಂದ ಕೆರೆದರೆ ಪುಡಿ ಉದುರುತ್ತದೆ. ಸುರಿಸಿಕೊಂಡುಬಿಟ್ಟಿರಾ?

ಆಳಂದ ರೋಡ್ ಮಾಸ್ತರ

ಸುರಿಸಿಕೊಂಡೆ. ಬಾಟ್ಲಿ ನೋಡುವ ಮೊದಲೇ. ಮೂರು ತಾಸು ಡ್ರೈವರ್ ನಿಲ್ಲುತ್ತಾನಾ?

ಯಾದಗಿರಿ ಟ್ರ್ಯಾಕ್ಟರ್

ಮೂರು ತಾಸು ಯಾರೂ ನಿಲ್ಲಲ್ಲ ಸರ್. ನೀವು ಮೊದಲೇ ದಾಸ್ತಾನಿಗೆ ಹೋಗಿ ಗುಡ್ಡೆಯ ಒಳಗಿಂದ ಒಂದು ಚೀಲದಲ್ಲಿ ಉಸುಕು ತಂದು ನೋಡಬೇಕಿತ್ತು. ಗುಡ್ಡೆ ಮೇಲಿನದು ಗಾಳಿಗೆ, ಮಳೆಗೆ ತೊಳೆದು ಚಂದ ಕಾಣುತ್ತದೆ. ಒಳಗಿಂದ ತೆಗೆಯಬೇಕು. ಲೋಡ್ ಬಂದಾಗ ಅಂಗೈ ತಿಕ್ಕಿ, ಒಂದು ಹಿಡಿ ಮುಷ್ಟಿ ಕಟ್ಟಿ ಬಿಡಿ. ಉಂಡೆ ಹಾಗೇ ನಿಂತರೆ ಮಣ್ಣು ಇದೆ, ಉದುರಿದರೆ ಚಲೋ ಉಸುಕು.

ಸಿವಿಲ್ ಕಾಕಾ

ತಮ್ಮ ಹೇಳಿದ್ದು ಕೇಳಿರಿ. ಮುಷ್ಟಿ ಪರೀಕ್ಷೆ ತೇವದ ಉಸುಕಿಗೆ ಸ್ವಲ್ಪ ತಪ್ಪು ತೋರಿಸಬಹುದು, ಅಂಗೈ ಕಲೆ ಮಾತ್ರ ಸುಳ್ಳು ಹೇಳಲ್ಲ.

ಬೀದರ್ ಅಕ್ಕ

ಮಾಸ್ತರರೇ, ಹಾಗೇ ಬಿಡಬೇಡಿ. ಅಂಗಡಿಯವರಿಗೆ ಬಾಟ್ಲಿ ಫೋಟೋ ಕಳಿಸಿ. ನಮಗೂ ಹೀಗೇ ಆಗಿತ್ತು, ನಾವು ಸುಮ್ನೆ ಕೂತೆವು. ಈಗ ಮಳೆಗಾಲ ಬಂದರೆ ಪಡಸಾಲೆ ಗೋಡೆ ನೋಡಲು ಬೇಜಾರು.

ಆಳಂದ ರೋಡ್ ಮಾಸ್ತರ

ಎರಡು ದಿನದ ಸುದ್ದಿ ಹೇಳುತ್ತೇನೆ. ಅಂಗಡಿಯವರು ಮೊದಲು ಒಪ್ಪಲಿಲ್ಲ. ಬಾಟ್ಲಿಯನ್ನೇ ತಗೊಂಡು ಹೋಗಿ ಅವರ ಟೇಬಲ್ ಮೇಲೆ ಇಟ್ಟೆ. ಅಲ್ಲಿ ಇನ್ನಿಬ್ಬರು ಗಿರಾಕಿ ಇದ್ದರು. ವಾಪಸ್ ಒಯ್ಯಲ್ಲ, ಆದರೆ ಆ ಟ್ರಿಪ್ಪಿಗೆ 3,000 ಕೊಟ್ಟರೆ ಸಾಕು ಅಂದರು. ಆ ಉಸುಕು ಗಿಲಾವಿಗೆ ಬಳಸುವುದಿಲ್ಲ, ಮುಂದೆ ಫರ್ಶಿ ಕೂರಿಸುವಾಗ ನೆಲ ತುಂಬಲು ಇಡುತ್ತೇನೆ.

ಹೊಸ ಮಾತು: ಬೇರೆ ದಾಸ್ತಾನಿನ ಉಸುಕು, ನಾನೇ ನೋಡಿ ಬಂದಿದ್ದು. ಹಲಗೆ ಮಟ್ಟ, ಮನೆ ಮುಂದೆ ಇಳಿಸಿ 5,000. ಘನ ಅಡಿಗೆ 58 ಬೀಳುತ್ತದೆ. ಬಾಟ್ಲಿಯಲ್ಲಿ ಮಣ್ಣಿನ ಪಟ್ಟಿ ಒಂದು ದಾರದಷ್ಟೇ ಇತ್ತು.

ಸುರಪುರ ರೈತ

ಇಳಿಸಿದ ಮೇಲೆ ಸಾಣಿಸುವ ಕೂಲಿ ಯಾರದು? ನಮ್ಮ ಕಡೆ ಗೌಂಡಿ ಅದನ್ನು ಬೇರೆ ಕೇಳುತ್ತಾನೆ.

ಸಿವಿಲ್ ಕಾಕಾ

ಚದರ ಅಡಿ ರೇಟಿಗೆ ಗಿಲಾವು ಗುತ್ತಿಗೆ ಕೊಟ್ಟಿದ್ದರೆ ಸಾಣಿಸುವುದು ಗೌಂಡಿ ಪಾಲು ಅಂತ ನನ್ನ ಅಭಿಪ್ರಾಯ. ಪಗಾರಕ್ಕೆ ಇಟ್ಟಿದ್ದರೆ ಮನೆಯವರದು.

ಯಾದಗಿರಿ ಟ್ರ್ಯಾಕ್ಟರ್

ನಮ್ಮ ಯಾದಗಿರಿಯಲ್ಲಿ ಗುತ್ತಿಗೆ ಇದ್ದರೂ ಮನೆಯವರೇ ಸಾಣಿಸಿ ಕೊಡಬೇಕು. ಮಾಳಿಗೆ ಮೇಲೆ ಉಸುಕು ಹೊರುವ ಕೂಲಿಯೂ ಮನೆಯವರದೇ.

ಸಿವಿಲ್ ಕಾಕಾ

ಅದು ಊರೂರಿಗೆ ಬೇರೆ. ಮೊದಲೇ ಬರೆಸಿಕೊಂಡರೆ ಒಳ್ಳೆಯದು. ಪ್ಯಾರಾಪೆಟ್ಟಿನ ಉಸುಕು ಹೊರುವುದೂ ಅದರಲ್ಲಿ ಬರಲಿ.

ಆಳಂದ ರೋಡ್ ಮಾಸ್ತರ

ತಿಂಗಳಾಯಿತು, ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸುತ್ತೇನೆ. ಒಳಗಿನ ಗೋಡೆ, ಛತ್ತು ಎರಡು ಟ್ರಿಪ್ಪಿನಲ್ಲಿ ಮುಗಿದು ಹತ್ತು ಪುಟ್ಟಿ ಉಳಿಯಿತು. ಕಾಕಾ ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಯೇ. ಹೊರಗೆ ಮೂರನೇ ಟ್ರಿಪ್ ಸರಿ ಹೋಯಿತು. ತೆಂಕಣ ಗೋಡೆಗೆ ಬಂದಾಗ ಗುಂಡು ಇಳಿಬಿಟ್ಟರೆ ಮೇಲಕ್ಕೂ ಕೆಳಕ್ಕೂ ಒಂದು ಇಂಚು ಫರಕು. ಉಸುಕು ತರಿಸುವ ಮೊದಲೇ ನೋಡಿಸಿ ಅಂದಿದ್ದಿರಿ, ನಾನು ಬರೀ ಮುಂದಿನ ಗೋಡೆ ನೋಡಿಸಿದ್ದೆ. ಆ ಒಂದು ಗೋಡೆಗೆ ಗಿಲಾವು ಕೆಲವು ಕಡೆ ಒಂದೂವರೆ ಇಂಚು ಆಯಿತು. ಒಮ್ಮೆಗೇ ಹಚ್ಚಿದರೆ ಜಾರುತ್ತದೆ ಅಂತ ಗೌಂಡಿ ಎರಡು ದಿನ ಬಿಟ್ಟು ಎರಡು ಸಲ ಹಚ್ಚಿದ. ನಾಲ್ಕನೇ ಟ್ರಿಪ್ ಅಲ್ಲೇ ಹೆಚ್ಚು ಹೋಯಿತು. ಪ್ಯಾರಾಪೆಟ್ಟಿಗೆ ಐದನೆಯದು ತರಿಸಬೇಕಾಯಿತು. ಅದರಲ್ಲಿ ಅರ್ಧದಷ್ಟು ಉಳಿದಿದೆ.

ಒಟ್ಟು ಒಳ್ಳೆ ಉಸುಕು 5 ಟ್ರಿಪ್, 25,000. ಮೊದಲ ಮಣ್ಣಿನ ಟ್ರಿಪ್ 3,000. ಮಾಳಿಗೆ ಮೇಲೆ ಹೊತ್ತಿದ್ದಕ್ಕೆ ಇಬ್ಬರು ಹಮಾಲರಿಗೆ ಒಂದು ದಿನದ ಕೂಲಿ 1,600. ಸಾಣಿಸಿದ್ದು ನಾನು ಮತ್ತು ನನ್ನ ತಮ್ಮ, ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು.

ಬೀದರ್ ಅಕ್ಕ

ಬಿರುಕು ಬಂದಿದೆಯಾ?

ಆಳಂದ ರೋಡ್ ಮಾಸ್ತರ

ಒಳಗೆ ಇಲ್ಲ ಅಕ್ಕ. ತೆಂಕಣ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಒಂದು ಸಣ್ಣ ಗೆರೆ ಕಾಣುತ್ತಿದೆ. ದಪ್ಪ ಹಚ್ಚಿದ್ದಕ್ಕೋ, ಮಧ್ಯಾಹ್ನದ ಬಿಸಿಲಿಗೆ ನೀರು ಸಾಲದ್ದಕ್ಕೋ ತಿಳಿಯದು. ಪೆನ್ಸಿಲಿನಿಂದ ಅದರ ತುದಿಗೆ ಗುರುತು ಹಾಕಿ ತಾರೀಖು ಬರೆದಿದ್ದೇನೆ.

ಸಿವಿಲ್ ಕಾಕಾ

ಒಳ್ಳೆ ಕೆಲಸ. ಬಣ್ಣ ಹಚ್ಚಿಸಬೇಡಿ ಈಗಲೇ. ಗೆರೆ ಗುರುತು ದಾಟಿ ಬಂದರೆ ಫೋಟೋ ಹಾಕಿರಿ. ಮೂಲೆಯಿಂದ ಓರೆಯಾಗಿ ಹೋಗುತ್ತಿದೆಯಾ, ನೆಟ್ಟಗೆ ಇಳಿದಿದೆಯಾ?

ಆಳಂದ ರೋಡ್ ಮಾಸ್ತರ

ಓರೆಯಾಗಿ. ನಾಳೆ ಬೆಳಕಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ.